ಮುಟ್ಟಿನ ಪಾಠ ಮಾಡೋಕೆ ಮುಂಚೆ ಪೋಷಕರಿಗೆ ಕೊಡೋ ಚೀಟಿ

"ನಾನು ಹೈಸ್ಕೂಲ್ ಟೀಚರ್. 8, 9ನೇ ಕ್ಲಾಸ್ ಹೆಣ್ಮಕ್ಕಳಿಗೆ ಮುಟ್ಟಿನ ಬಗ್ಗೆ ಪಾಠ ಮಾಡ್ಬೇಕು, ಅದಕ್ಕೆ ಮುಂಚೆ ಪೋಷಕರಿಗೆ ಚೀಟಿ ಕಳಿಸ್ಬೇಕು. ಏನಂತ ಬರೀಲಿ?"

ನಾನು ಮೊದಲ ವರ್ಷ "ಹದಿಹರೆಯದ ಆರೋಗ್ಯ ಕಾರ್ಯಕ್ರಮ" ಅಂತ ಒಂದೇ ಸಾಲು ಬರೆದು ಕಳಿಸಿದ್ದೆ, ಏನು ಹೇಳ್ಕೊಡ್ತಾರೋ ಅಂತ ಹೆದರಿ ಕೆಲವು ಮನೆಯವರು ಅವತ್ತು ಮಕ್ಕಳನ್ನ ಶಾಲೆಗೇ ಕಳಿಸ್ಲಿಲ್ಲ. ಈಗ ಮುಟ್ಟು ಅಂತಾನೇ ಬರೀತೀನಿ. ಯಾರು ಪಾಠ ಮಾಡ್ತಾರೆ, ಯಾವತ್ತು, ಶುಚಿ ಯೋಜನೆ ಪ್ಯಾಡ್ ಹೇಗೆ ಬಳಸೋದು, ಬಟ್ಟೆ ಬಳಸೋರು ಅದನ್ನ ಸೋಪಲ್ಲಿ ಒಗೆದು ಬಿಸಿಲಲ್ಲೇ ಒಣಗಿಸ್ಬೇಕು ಅನ್ನೋದು, ಇಷ್ಟು ನಾಕು ಸಾಲಲ್ಲಿ ಮುಗಿಯುತ್ತೆ.

ಉಳಿದ ಜಾಗ ಪೂರ್ತಿ ಎಣಿಕೆಗೆ ಕೊಡಿ, ಯಾಕಂದ್ರೆ ಮನೇಲಿ ಅಮ್ಮಂದಿರಿಗೆ ಕೆಲಸಕ್ಕೆ ಬರೋದು ಅದೇ. ನಾನು ಬರೆಯೋದು ಹೀಗೆ: "ಮುಟ್ಟಾದ ಮೊದಲನೇ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿ. ಶುರುವಿನ ಎರಡು ಮೂರು ವರ್ಷ 21 ದಿನದಿಂದ 45 ದಿನದೊಳಗೆ ಯಾವಾಗ ಬಂದ್ರೂ ಗಾಬರಿ ಬೇಡ. ಆದ್ರೆ 7 ದಿನಕ್ಕಿಂತ ಜಾಸ್ತಿ ಹೋಗ್ತಿದ್ರೆ, ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ನೆನೀತಿದ್ರೆ, ಅಥವಾ ಶುರುವಾದ ಮೇಲೆ ಮೂರು ತಿಂಗಳು ಬರದೇ ಇದ್ರೆ ಡಾಕ್ಟರಿಗೆ ತೋರಿಸಿ. 15 ತುಂಬಿದ್ರೂ ಮೊದಲ ಮುಟ್ಟು ಆಗಿಲ್ಲ ಅಂದ್ರೂ ತೋರಿಸಿ."

ಕೊನೇಲಿ ಒಂದು ಚೌಕ ಬರೆದು ಪಕ್ಕದಲ್ಲಿ "ಟೀಚರ್ ಹತ್ರ ಮಾತಾಡ್ಬೇಕು" ಅಂತ ಹಾಕ್ತೀನಿ. ಒಬ್ರು ತಾಯಿ ಅದಕ್ಕೆ ಟಿಕ್ ಹಾಕಿ ಬಂದಿದ್ರು, ಮಗಳು 9ನೇ ಕ್ಲಾಸು, ಪ್ರತಿ ತಿಂಗಳು ಒಂದು ವಾರ ಕ್ಲಾಸಲ್ಲಿ ತಲೆ ಎತ್ತಿ ಕೂರೋಕಾಗ್ದೆ ಡೆಸ್ಕ್ ಮೇಲೆ ಮಲಗ್ತಿದ್ಲು. "ಎಂಟೊಂಬತ್ತು ದಿನ ಹೋಗುತ್ತೆ ಮೇಡಂ, ಉಷ್ಣದ ಮೈ, ನಂಗೂ ಹಂಗೇ ಇತ್ತು, ನಮ್ಮಮ್ಮಂಗೂ ಹಂಗೇ" ಅಂದ್ರು. ಒಂದು ಮುಟ್ಟಿನ ಪೂರ್ತಿ ಎಷ್ಟು ಹೊತ್ತಿಗೆ ಪ್ಯಾಡ್ ಬದಲಾಯಿಸಿದ್ಲು ಅಂತ ಬರೆದಿಡೋಕೆ ಹೇಳ್ದೆ, ಎರಡನೇ ದಿನ ಒಂದೂವರೆ ಗಂಟೆಗೊಂದು ಆಗಿತ್ತು. ಆ ಹಾಳೆ ತಗೊಂಡೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ್ರು, ಹಿಮೋಗ್ಲೋಬಿನ್ 8 ಬಂತು, ಆ ವಯಸ್ಸಿಗೆ 12 ಆದ್ರೂ ಇರ್ಬೇಕು. ಕಬ್ಬಿಣದ ಮಾತ್ರೆ ಬರೆದುಕೊಟ್ರು, ಟೀ ಕಾಫಿ ಜೊತೆ ನುಂಗಬೇಡ, ಮಲ ಕಪ್ಪಗಾದ್ರೆ ಹೆದರಿ ನಿಲ್ಲಿಸಬೇಡ ಅಂತಾನೂ ಹೇಳಿದ್ರು. ತಾಯಿ, ಅಜ್ಜಿ ಇಬ್ರಿಗೂ ಹಂಗೇ ಇತ್ತು ಅಂದಿದ್ದಕ್ಕೆ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಾ ಅಂತ ನೋಡೋ ಟೆಸ್ಟಿಗೆ ಜಿಲ್ಲಾಸ್ಪತ್ರೆಗೆ ಕಳಿಸಿದ್ರು, ಆ ತೊಂದರೆ ಮನೆತನದಲ್ಲಿ ಬರಬಹುದಂತೆ. ಅಲ್ಲೀವರೆಗೂ "ನಂಗೂ ಹಂಗೇ ಇತ್ತು" ಅನ್ನೋದನ್ನ ನಾನೂ ಸಮಾಧಾನದ ಮಾತು ಅಂತಾನೇ ಅಂದ್ಕೊಂಡಿದ್ದೆ.

ಆಮೇಲಿಂದ ಚೀಟಿಗೆ ಒಂದು ಸಾಲು ಸೇರಿಸಿದೀನಿ, "ಮನೇಲಿ ಅಮ್ಮನಿಗೋ ಅಜ್ಜಿಗೋ ಹೀಗೇ ಜಾಸ್ತಿ ಹೋಗ್ತಿದ್ರೆ ಅದನ್ನೂ ಡಾಕ್ಟರಿಗೆ ತಪ್ಪದೆ ಹೇಳಿ". ಓದೋಕೆ ಬರದ ತಾಯಂದಿರಿಗೆ ಪೋಷಕರ ಸಭೆ ದಿನ ಬೇರೆ ಕೂರಿಸಿ ನಾನೇ ಓದಿ ಹೇಳ್ತೀನಿ, ನೀವೂ ಹಂಗೇ ಮಾಡಿ.