ಸ್ಲೀಪರ್ ಬಸ್ಸಿನಲ್ಲಿ ವಾಂತಿ ಬಾರದಂತೆ ಬರ್ತ್ ಆರಿಸುವುದು

ಪ್ರಶ್ನೆ: ಪುಣೆಯಿಂದ ಪಣಜಿಗೆ ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಅಮ್ಮನನ್ನು ಕರೆದೊಯ್ಯಬೇಕು. ಅವರಿಗೆ ಘಾಟಿಯಲ್ಲಿ ವಾಂತಿಯಾಗುತ್ತದೆ. ಯಾವ ಬರ್ತ್ ಒಳ್ಳೆಯದು?

ಉತ್ತರ: ಎರಡನೆಯ ಅಥವಾ ಮೂರನೆಯ ಸಾಲಿನ, ಒಂಟಿ ಬರ್ತ್ ಇರುವ ಬದಿಯ ಕೆಳಗಿನ ಬರ್ತ್ ತೆಗೆದುಕೊಳ್ಳಿ.

ಆಂಬೋಲಿ ಘಾಟಿಯಂತಹ ತಿರುವುಗಳಲ್ಲಿ ಬಸ್ಸು ಪಕ್ಕಕ್ಕೆ ವಾಲುವಾಗ, ನೆಲದಿಂದ ಎತ್ತರದಲ್ಲಿರುವ ಮೇಲಿನ ಬರ್ತ್ ಹೆಚ್ಚು ದೂರ ತೂಗಾಡುತ್ತದೆ. ಕೆಳಗೆ ಮಲಗಿದವರಿಗೆ ಅದೇ ವಾಲುವಿಕೆ ಬಹಳ ಕಡಿಮೆ ತಿಳಿಯುತ್ತದೆ. ಅಮ್ಮನವರಿಗೆ ಏಣಿ ಹತ್ತುವ ಕಷ್ಟವೂ ತಪ್ಪುತ್ತದೆ.

ಆದರೆ ಕೆಳಗಿನ ಬರ್ತ್‌ಗಳೆಲ್ಲವೂ ಒಂದೇ ಅಲ್ಲ. ಚಕ್ರದ ಮೇಲಿರುವ ಬರ್ತ್‌ಗೆ ಪ್ರತಿ ಗುಂಡಿಯ ಹೊಡೆತವೂ ಟೈರಿನ ಸದ್ದೂ ನೇರವಾಗಿ ತಲುಪುತ್ತವೆ, ಹಿಂದಿನ ಚಕ್ರಕ್ಕಿಂತಲೂ ಆಚೆ ಚಾಚಿಕೊಂಡಿರುವ ಕೊನೆಯ ಸಾಲು ಎಲ್ಲಕ್ಕಿಂತ ಹೆಚ್ಚು ಮೇಲೆ ಕೆಳಗೆ ಎತ್ತಿಹಾಕುತ್ತದೆ. ಎರಡು ಅಚ್ಚುಗಳ ನಡುವಿನ ಭಾಗವೇ ಅತಿ ಶಾಂತ. ಟಿಕೆಟ್ ನಕ್ಷೆಯಲ್ಲಿ ಚಕ್ರಗಳನ್ನು ಸಾಮಾನ್ಯವಾಗಿ ತೋರಿಸುವುದಿಲ್ಲವಾದ್ದರಿಂದ ಅಂದಾಜು ಮಾಡಬೇಕು: ಸುಮಾರು 12 ಮೀಟರ್ ಉದ್ದದ, 30 ಬರ್ತ್‌ಗಳ ಬಸ್ಸಿನಲ್ಲಿ ಐದು ಸಾಲುಗಳಿದ್ದು, ಮುಂದಿನ ಚಕ್ರ ಮೊದಲ ಸಾಲಿನ ಹತ್ತಿರಕ್ಕೂ ಹಿಂದಿನದು ನಾಲ್ಕನೆಯ ಸಾಲಿನ ಆಸುಪಾಸಿಗೂ ಬರುತ್ತದೆ. ಎರಡು ಹಿಂಬದಿ ಅಚ್ಚುಗಳಿರುವ ಉದ್ದನೆಯ ಬಸ್ಸಿಗೆ ಈ ಲೆಕ್ಕ ಹೊಂದುವುದಿಲ್ಲ. ಅದರ ಹೊರಗಿನ ಫೋಟೋ ನೋಡಿ, ಚಕ್ರದ ನೇರಕ್ಕೆ ಯಾವ ಕಿಟಕಿ ಇದೆಯೆಂದು ಎಣಿಸಿಕೊಳ್ಳಿ.

ಅಂತಹ ಕೆಳಗಿನ ಬರ್ತ್ ಸಿಗದಿದ್ದರೆ, ನನ್ನ ಅಭಿಪ್ರಾಯದಲ್ಲಿ, ಕೊನೆಯ ಸಾಲಿನ ಕೆಳಗಿನದಕ್ಕಿಂತ ಮೂರನೆಯ ಸಾಲಿನ ಮೇಲಿನದೇ ಮೇಲು. ಘಾಟಿ ಬರುವ ಮೊದಲೇ ಅವರು ಮೊಬೈಲ್ ಬದಿಗಿಟ್ಟು, ಕಣ್ಣು ಮುಚ್ಚಿ, ತಲೆ ಅಲುಗಾಡದಂತೆ ಅಂಗಾತ ಮಲಗಿರಲಿ.