ಗಾಜಿನ ಮೇಲಿನ ಚಿನ್ನ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಸ್ಪಟರಿಂಗ್‌ನಲ್ಲಿ, ಅಂದ್ರೆ ನಿರ್ವಾತದ ಕೋಣೆಯಲ್ಲಿ ಆರ್ಗಾನ್ ಅಯಾನುಗಳಿಂದ ಚಿನ್ನದ ಕಣಗಳನ್ನು ಸಿಡಿಸಿ, ಗಾಜಿಗೆ ಕೂರಿಸಿದ ಚಿನ್ನ ಟೇಪ್ ಅಂಟಿಸಿ ಎಳೆದರೆ ಕಿತ್ತು ಬರ್ತಿದೆ. ಸಿವಿಡಿ ಮಾಡಿದ್ರೆ ಸರಿಹೋಗುತ್ತಾ?

ಉತ್ತರ: ಅದಕ್ಕಾಗಿ ಸಿವಿಡಿ ಬೇಡ. ಅಲ್ಲಿ ಅನಿಲ ಬಿಸಿ ಮೈಮೇಲೆ ಪ್ರತಿಕ್ರಿಯಿಸಿ ಪದರವಾಗುತ್ತದೆ. ಆಳವಾದ ತೂತುಗಳ ಒಳಗೋಡೆಗೂ ಪದರ ಬೇಕಿದ್ದರೆ ಅದೇ ಸರಿ, ಆದರೆ ಸಾಮಾನ್ಯವಾಗಿ ನೂರಾರು ಡಿಗ್ರಿ ಶಾಖ ಬೇಕು. ನಿಮ್ಮದು ಚಪ್ಪಟೆ ಗಾಜು ಅಲ್ವಾ?

ಗಾಜಿನ ಮೈತುಂಬ ಆಕ್ಸಿಜನ್. ಚಿನ್ನ ಅದರ ಜೊತೆ ಬೆಸೆಯುವುದಿಲ್ಲ, ಸುಮ್ನೆ ಮೇಲೆ ಕೂತಿರುತ್ತದೆ. ಗಾಜನ್ನು ಚೆನ್ನಾಗಿ ತೊಳೆಯಿರಿ, ಬೆರಳಿನ ಜಿಡ್ಡೂ ಉಳಿಯಬಾರದು. ಮೊದಲು 5–10 ನ್ಯಾನೋಮೀಟರ್ ಕ್ರೋಮಿಯಂ ಹಾಕಿ. ಅದು ಆಕ್ಸಿಜನ್ನನ್ನೂ ಹಿಡಿಯುತ್ತದೆ, ಚಿನ್ನವನ್ನೂ ಹಿಡಿಯುತ್ತದೆ. ನಿರ್ವಾತ ಮುರಿಯದೆ ಕೂಡಲೇ ಚಿನ್ನ ಹಾಕಿ. ನಡುವೆ ಗಾಳಿ ಬಿಟ್ಟರೆ ಕ್ರೋಮಿಯಂ ಮೇಲೆ ಆಕ್ಸೈಡ್ ಕಟ್ಟಿ ಮತ್ತೆ ಅದೇ ಪಾಡು.

ಆರ್ಗಾನ್ ಒತ್ತಡವನ್ನೂ ನೋಡಿ. ಜಾಸ್ತಿಯಾದರೆ ಪದರ ಸಡಿಲ. ತೀರಾ ಕಡಿಮೆಯಾದರೆ ಪದರ ಗಟ್ಟಿ, ಆದರೆ ಒಳಗೇ ಬಿಗಿತ ಸೇರಿ ಗುಳ್ಳೆಯಂತೆ ಉಬ್ಬಿ ಏಳಬಹುದು.