ಮೊದಲು ಆನೆ, ಸೂರ್ಯಾಸ್ತ, ರೈಲು, ಉಳಿದದ್ದು ಆಮೇಲೆ

ಪ್ರಶ್ನೆ: ಸರ್, ಅಕ್ಟೋಬರ್ ಮಧ್ಯದಲ್ಲಿ ಬೆಂಗಳೂರಿನಿಂದ ಆರು ಜನ ಮಲೆನಾಡಿಗೆ ಬರ್ತಿದ್ದೀವಿ. ಎಪ್ಪತ್ತು ದಾಟಿದ ಅಮ್ಮನೂ ಇದ್ದಾರೆ. ಮೊಬೈಲಿನಲ್ಲಿ ಬರೆದುಕೊಂಡಿರೋದು ಇಷ್ಟೇ: "ಜೋಗ, ಆಗುಂಬೆ ಸೂರ್ಯಾಸ್ತ, ಸಕ್ರೆಬೈಲು ಆನೆ, ಕುಪ್ಪಳಿ, ಇಕ್ಕೇರಿ, ಕೆಳದಿ, ಸಿಗಂದೂರು? ಶುಕ್ರವಾರ ರಾತ್ರಿ ರೈಲು ಬುಕ್ ಆಗಿದೆ, ಶಿವಮೊಗ್ಗಕ್ಕೆ ಬೆಳಗ್ಗೆ 5. ಕಾರು ಶಿವಮೊಗ್ಗದಿಂದ. ಶನಿವಾರ ತೀರ್ಥಹಳ್ಳಿ ಹೋಂಸ್ಟೇ, ಅಡ್ವಾನ್ಸ್ ಕೊಟ್ಟಿದೆ. ಭಾನುವಾರ ರಾತ್ರಿ ವಾಪಸ್, ಟಿಕೆಟ್ ಇನ್ನೂ ಇಲ್ಲ." ಇದನ್ನು ದಿನ, ಸಮಯ, ಬುಕಿಂಗ್ ಸಮೇತ ಎಲ್ಲರ ಕೈಗೆ ಕೊಡುವ ಹಾಗೆ ಹೇಗೆ ಬರೆಯೋದು?

ಉತ್ತರ: ಊರುಗಳ ಹೆಸರನ್ನು ಈಗಲೇ ಸಾಲಾಗಿ ಬರೆಯಲು ಹೋಗಬೇಡಿ. ಚೀಟಿಯಲ್ಲಿ ಯಾವುದರ ಸಮಯ ನಿಮ್ಮ ಕೈಯಲ್ಲಿ ಇಲ್ಲವೋ ಅದಕ್ಕೆ ಮೊದಲು ಗೆರೆ ಹಾಕಿ. ನಿಮ್ಮದರಲ್ಲಿ ಅಂಥವು ಐದು ಇವೆ. ಬರುವ ರೈಲು, ಆನೆ, ಸೂರ್ಯಾಸ್ತ, ತೀರ್ಥಹಳ್ಳಿಯ ರಾತ್ರಿ, ವಾಪಸ್ ರೈಲು. ಇಕ್ಕೇರಿ, ಕುಪ್ಪಳಿ, ಜೋಗ ಹಗಲಿನಲ್ಲಿ ಒಂದೆರಡು ಗಂಟೆ ಆಚೀಚೆ ಆದರೂ ನಿಮಗಾಗಿ ಕಾಯುತ್ತವೆ. ಆನೆ ಕಾಯುವುದಿಲ್ಲ.

ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಲು ಸಿಗುವುದು ಬೆಳಗ್ಗೆ ಮಾತ್ರ. ಹೊತ್ತು ಏರಿದ ಮೇಲೆ ಅವನ್ನು ಕಾಡಿಗೆ ಬಿಡುತ್ತಾರೆ. ಹಿಂದೆ ಒಂದು ಕುಟುಂಬಕ್ಕೆ ನಾನು "ಸಕ್ರೆಬೈಲು, ಬೆಳಗ್ಗೆ" ಎಂದಷ್ಟೇ ಬರೆದುಕೊಟ್ಟಿದ್ದೆ. ಅವರು ನಿಧಾನವಾಗಿ ತಿಂಡಿ ತಿಂದು 11:45ಕ್ಕೆ ಹೋದರು. ಮಕ್ಕಳು ಖಾಲಿ ಹೊಳೆ ನೋಡಿ ಬಂದರು. ಆಮೇಲಿಂದ ನಾನು ಇಂಥ ಜಾಗಕ್ಕೆ ತಲುಪುವ ಸಮಯದ ಪಕ್ಕ "ಇದರೊಳಗೆ" ಎಂದು ಇನ್ನೊಂದು ಸಮಯ ಬರೆಯುತ್ತೇನೆ. ನೀವೂ ಹಾಗೇ ಮಾಡಿ: "8:30ಕ್ಕೆ, ತಡ ಅಂದರೆ 9:15ರೊಳಗೆ".

ಇನ್ನು ದಾರಿ. ಸಕ್ರೆಬೈಲು ಶಿವಮೊಗ್ಗದಿಂದ 14 ಕಿ.ಮೀ., ತೀರ್ಥಹಳ್ಳಿ ರಸ್ತೆಯಲ್ಲೇ. ಕುಪ್ಪಳಿ, ಆಗುಂಬೆ ಎರಡೂ ತೀರ್ಥಹಳ್ಳಿಯ ಆಚೆ. ಇಕ್ಕೇರಿ, ಕೆಳದಿ, ಜೋಗ, ಸಿಗಂದೂರು ಎಲ್ಲಾ ಸಾಗರದ ಕಡೆಗೆ. ಅಂದರೆ ಶನಿವಾರ ಪೂರ್ತಿ ತುಂಗೆಯ ಸೀಮೆ, ಭಾನುವಾರ ಪೂರ್ತಿ ಸಾಗರ ಸೀಮೆ. ಜೋಗವನ್ನು ಚೀಟಿಯಲ್ಲಿ ಮೊದಲು ಬರೆದಿದ್ದೀರಿ ಅಂತ ಮೊದಲ ದಿನವೇ ಅತ್ತ ಹೋದರೆ, ಸುಮ್ನೆ ಅಡ್ಡಡ್ಡ ಓಡಾಡಿ ಅಮ್ಮನಿಗೆ ಸುಸ್ತಾಗುತ್ತದೆ, ಅಲ್ವಾ?

ನಮ್ಮ ರಸ್ತೆಗಳಲ್ಲಿ ಲೆಕ್ಕಕ್ಕೆ ಗಂಟೆಗೆ 40 ಕಿ.ಮೀ. ಹಿಡಿಯಿರಿ, ಅದಕ್ಕಿಂತ ಜಾಸ್ತಿ ಬೇಡ. ಮ್ಯಾಪ್ ತೋರಿಸುವ ಸಮಯಕ್ಕೆ ಕಾಲು ಭಾಗ ಸೇರಿಸಿ. ಆ ಸಮಯದಲ್ಲಿ ಟೀ ಇಲ್ಲ, ಬಾತ್‌ರೂಮ್ ಇಲ್ಲ, ಅಮ್ಮ ಕಾರಿನಿಂದ ಇಳಿದು ಹತ್ತುವ ಹೊತ್ತೂ ಇಲ್ಲ.

ಈಗ ಬರೆಯೋಣ. ಪ್ರತಿ ಸಾಲಿನಲ್ಲೂ ಒಂದೇ ಕ್ರಮ ಇರಲಿ: ಸಮಯ, ಜಾಗ, ಅಲ್ಲಿ ಎಷ್ಟು ಹೊತ್ತು, ಮುಂದಿನ ಜಾಗಕ್ಕೆ ಎಷ್ಟು ಹೊತ್ತು, ಬುಕಿಂಗ್. ಬುಕಿಂಗ್ ಜಾಗಕ್ಕೆ ಮೂರೇ ಮಾತು: ಆಗಿದೆ, ಆಗಬೇಕು, ಬೇಡ. ಆ ಜಾಗ ಖಾಲಿ ಬಿಟ್ಟರೆ "ಬೇಡ" ಅಂತಲೋ, "ಮರೆತಿದ್ದೇವೆ" ಅಂತಲೋ ಓದಿದವರಿಗೆ ಗೊತ್ತಾಗುವುದಿಲ್ಲ. ನಿಮ್ಮ ಶನಿವಾರ ಹೀಗೆ ಬರುತ್ತದೆ:

5:00 | ಶಿವಮೊಗ್ಗ, ಸ್ನಾನ, ತಿಂಡಿ | 3 ಗಂಟೆ | 30 ನಿಮಿಷ | ರೂಮು ಆಗಬೇಕು
8:30 (9:15ರೊಳಗೆ) | ಸಕ್ರೆಬೈಲು | 1½ ಗಂಟೆ | 30 ನಿಮಿಷ | ಬೇಡ, ಟಿಕೆಟ್ ಅಲ್ಲೇ
10:30 | ಮಂಡಗದ್ದೆ, ಹಕ್ಕಿ | 20 ನಿಮಿಷ | 1 ಗಂಟೆ | ಬೇಡ
11:50 | ತೀರ್ಥಹಳ್ಳಿ ಹೋಂಸ್ಟೇ, ಊಟ, ವಿಶ್ರಾಂತಿ | 2½ ಗಂಟೆ | 30 ನಿಮಿಷ | ರೂಮು ಆಗಿದೆ, ಮಧ್ಯಾಹ್ನದ ಊಟ ಆಗಬೇಕು
2:50 | ಕುಪ್ಪಳಿ | 1¼ ಗಂಟೆ | 1 ಗಂಟೆ | ಬೇಡ, ಟಿಕೆಟ್ ಅಲ್ಲೇ
5:05 (5:40ರೊಳಗೆ) | ಆಗುಂಬೆ | 1½ ಗಂಟೆ | 1 ಗಂಟೆ | ಬೇಡ
7:35 | ಹೋಂಸ್ಟೇ, ರಾತ್ರಿ ಊಟ | | | ಊಟ ಆಗಬೇಕು

ಮಂಡಗದ್ದೆ ನಿಮ್ಮ ಚೀಟಿಯಲ್ಲಿ ಇರಲಿಲ್ಲ. ದಾರಿಯಲ್ಲೇ ಇದೆ, ಕಾಲು ಚಾಚಲು ಹೇಗೂ ನಿಲ್ಲಬೇಕು, ಅದಕ್ಕೆ ಸೇರಿಸಿದೆ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಆರು ದಾಟಿದ ಸ್ವಲ್ಪದರಲ್ಲೇ. ಹಾಗಾಗಿ ಆಗುಂಬೆಯ ಸಮಯವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸಿ ಕುಪ್ಪಳಿ ಬಿಡುವ ಸಮಯ ಹಾಕಿದೆ. ಕವಿಶೈಲದಲ್ಲಿ ಕೂತರೆ ಏಳಲು ಮನಸ್ಸು ಬರುವುದಿಲ್ಲ. 4:05ಕ್ಕೆ ಹೊರಡಬೇಕು ಎನ್ನುವುದು ಕಾಗದದ ಮೇಲೆ ಇರಲೇಬೇಕು. ಮೋಡ ಕವಿದಿದ್ದರೆ, ಅಕ್ಟೋಬರ್‌ನಲ್ಲಿ ಅದು ಮಾಮೂಲು, 3:45ಕ್ಕೇ ತೀರ್ಮಾನ ಮಾಡಿ ಆಗುಂಬೆ ಬಿಟ್ಟುಬಿಡಿ, ಕುಪ್ಪಳಿಯಲ್ಲೇ ಸಂಜೆ ಕಳೆಯಿರಿ. ಇದನ್ನೂ ಆ ಸಾಲಿನ ಕೆಳಗೆ ಬರೆಯಿರಿ.

ಭಾನುವಾರ 7:30ಕ್ಕೆ ತೀರ್ಥಹಳ್ಳಿ ಬಿಟ್ಟು, ಹೊಸನಗರದ ಮೇಲೆ ಸಾಗರ. ಎರಡೂವರೆ ಗಂಟೆ ಇಟ್ಟುಕೊಳ್ಳಿ. 10:15ಕ್ಕೆ ಇಕ್ಕೇರಿಯ ಅಘೋರೇಶ್ವರ, ಮುಕ್ಕಾಲು ಗಂಟೆ. 12ರ ಹೊತ್ತಿಗೆ ಜೋಗ, ಊಟ ಸೇರಿ ಮೂರು ಗಂಟೆ. ಕೆಳಗೆ ಇಳಿಯುವ ಮೆಟ್ಟಿಲು ಸಾವಿರಕ್ಕೂ ಹೆಚ್ಚು, ಅಮ್ಮನಿಗೆ ಮೇಲಿನ ನೋಟವೇ ಸಾಕು. ಮೂರಕ್ಕೆ ಹೊರಟು ನಾಲ್ಕಕ್ಕೆ ಸಾಗರ. ಅಲ್ಲಿಂದ 8 ಕಿ.ಮೀ. ಕೆಳದಿ. ಕೆಳದಿಯನ್ನು "ಸಮಯ ಉಳಿದರೆ" ಎಂದು ಜೋಗದ ನಂತರವೇ ಇಟ್ಟಿದ್ದೇನೆ. ಬಿಡಬಹುದಾದ ಜಾಗವನ್ನು ಮುಖ್ಯವಾದದ್ದಕ್ಕಿಂತ ಮೊದಲು ಇಟ್ಟರೆ ತಡವಾದಾಗ ಮುಖ್ಯವಾದದ್ದೇ ಕೈತಪ್ಪುತ್ತದೆ.

ಸಿಗಂದೂರಿನ ಪ್ರಶ್ನಾರ್ಥಕ ಚಿಹ್ನೆಯನ್ನು ಈಗಲೇ ತೆಗೆಯಿರಿ. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿದೆ, ನಿಜ. ಆದರೂ ಸಾಗರದಿಂದ ಹೋಗಿ ದರ್ಶನ ಮಾಡಿ ಬರಲು ಮೂರು ಗಂಟೆ ಬೇಕು. ಅದು ಬೇಕೇ ಬೇಕು ಅಂದರೆ ಇಕ್ಕೇರಿ, ಕೆಳದಿ ಎರಡನ್ನೂ ಬಿಡಬೇಕಾಗುತ್ತದೆ. ಅನುಮಾನದ ಚಿಹ್ನೆ ಇರುವ ಪಟ್ಟಿ ಡ್ರೈವರ್ ಕೈಗೆ ಹೋಗಬಾರದು. ಜಗಳ ಶುರುವಾಗುವುದೇ ಅಲ್ಲಿ.

ಈಗ ಬುಕಿಂಗ್. ಇವನ್ನು ದಿನದ ಕ್ರಮದಲ್ಲಿ ಮಾಡಬೇಡಿ, ಯಾವುದು ಬೇಗ ಮುಗಿಯುತ್ತದೋ ಅದು ಮೊದಲು. ನಿಮ್ಮ ವಿಷಯದಲ್ಲಿ ವಾಪಸ್ ಟಿಕೆಟ್. ರೈಲಿನ ರಿಸರ್ವೇಶನ್ ಈಗ 60 ದಿನ ಮುಂಚೆ ತೆರೆಯುತ್ತದೆ, ದಸರಾ ಆಸುಪಾಸಿನ ಭಾನುವಾರದ ರಾತ್ರಿ ಬೇಗ ತುಂಬುತ್ತದೆ. ಬೆಂಗಳೂರಿಗೆ ಹೋಗುವ ರಾತ್ರಿ ರೈಲು ಹೊರಡುವುದೇ ತಾಳಗುಪ್ಪದಿಂದ, ಸಾಗರದ ಮೇಲೆ ಶಿವಮೊಗ್ಗಕ್ಕೆ ಬರುತ್ತದೆ. ಹಾಗಾಗಿ ಟಿಕೆಟನ್ನು ಸಾಗರದಿಂದಲೇ ಮಾಡಿಸಿ. ಸ್ಟೇಷನ್ ಹೆಸರು ಸಾಗರ ಜಂಬಗಾರು. ರಾತ್ರಿ 70 ಕಿ.ಮೀ. ಕಾರಿನ ದಾರಿ ಉಳಿಯುತ್ತದೆ. ಶಿವಮೊಗ್ಗದಿಂದ ಟಿಕೆಟ್ ಮಾಡಿಸಿ ಆಮೇಲೆ "ಸಾಗರದಲ್ಲೇ ಹತ್ತುತ್ತೇವೆ" ಅಂದರೆ ಆಗುವುದಿಲ್ಲ. ಹತ್ತುವ ಸ್ಟೇಷನ್ ಅನ್ನು ಮುಂದಿನದಕ್ಕೆ ಬದಲಾಯಿಸಬಹುದು, ಹಿಂದಿನದಕ್ಕೆ ಅಲ್ಲ.

ಟಿಕೆಟ್ ಆದ ಮೇಲೆ ಕಾರು. ಡ್ರೈವರ್ ಬಿಟ್ಟು ಆರು ಸೀಟು, ಲಗೇಜಿಗೂ ಜಾಗ ಎಂದು ಸ್ಪಷ್ಟವಾಗಿ ಹೇಳಿ. ಹತ್ತುವುದು ಶಿವಮೊಗ್ಗ, ಇಳಿಯುವುದು ಸಾಗರ ಎಂಬುದನ್ನೂ ಮೊದಲೇ ಹೇಳಿ. ಕಾರು ಹೇಗೂ ಶಿವಮೊಗ್ಗಕ್ಕೆ ಮರಳಬೇಕು, ಕಿಲೋಮೀಟರ್ ಲೆಕ್ಕ ಹೆಚ್ಚುಕಡಿಮೆ ಅದೇ. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ., ಡ್ರೈವರ್ ಬಾಟಾ ಎಷ್ಟು, ಶನಿವಾರ ರಾತ್ರಿ ಅವರ ಊಟ ಮತ್ತು ಮಲಗುವ ವ್ಯವಸ್ಥೆ ಎಲ್ಲಿ, ಇವನ್ನು ಕೇಳಿ ಬರೆದುಕೊಳ್ಳಿ. ಹೋಂಸ್ಟೇಗೆ ಎರಡು ದಿನ ಮೊದಲು ಫೋನ್ ಮಾಡಿ, ಎರಡೂ ಹೊತ್ತಿನ ಊಟಕ್ಕೆ ಎಷ್ಟು ಜನ ಅಂತ ಹೇಳಿ. ನಮ್ಮ ಕಡೆ ಮನೆಯವರೇ ಅಡುಗೆ ಮಾಡುವುದು, ಹೇಳದೆ ಹೋದರೆ ಅವರಿಗೂ ಕಷ್ಟ, ನಿಮಗೂ ಹಸಿವು. ಕೊಟ್ಟ ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು ಎಂದು ಅದೇ ಸಾಲಿನಲ್ಲಿ ಹಾಕಿ.

ಕೊನೆಗೆ ಒಂದು ಪ್ರಿಂಟ್ ತೆಗೆಸಿ ಡ್ರೈವರ್‌ಗೆ ಕೊಡಿ, ಇನ್ನೊಂದು ಅಮ್ಮನ ಕೈಯಲ್ಲಿರಲಿ. ಆಗುಂಬೆ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲಾ ಕಡೆ ಸಿಗುವುದಿಲ್ಲ.